ಬಿಳಿ ವಾಲ್ವಿಗೆ ಭಂಡಾರ

ಅಥಣಿಯ ನನ್ನ ಪೇಂಟಿನ ಅಂಗಡಿಗೆ ಬರುವವರೆಲ್ಲ ಮೊದಲು ಕೇಳುವುದು ಒಂದೇ ಮಾತು, ಯಾವ ಬಣ್ಣ ಚಂದ ಕಾಣುತ್ತದೆ ಎಂದು. ಯಾರಿಗೆ ಕಾಣಬೇಕು, ಯಾವ ಹೊತ್ತಿನಲ್ಲಿ, ಯಾವ ಬೆಳಕಿನಲ್ಲಿ ಎಂದು ನಾನು ತಿರುಗಿ ಕೇಳುತ್ತೇನೆ. ಹೆಚ್ಚಿನವರಿಗೆ ಇದು ಸೇರುವುದಿಲ್ಲ. ಬಣ್ಣ ಕೊಳ್ಳಲು ಬಂದವನಿಗೆ ಪ್ರಶ್ನೆ ಕೊಟ್ಟು ಕಳಿಸುವ ಅಂಗಡಿಕಾರ ಎಂದು ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕಬ್ಬಿನ ಟ್ರಾಲಿಗಳ ಹಿಂದೆ ಹೂ ಬರೆಯುವುದರಿಂದ ಸುರು ಮಾಡಿ, ರಾಯಬಾಗದಿಂದ ಕಾಗವಾಡದವರೆಗೆ ಎಷ್ಟೋ ಅಂಗಡಿಗಳ ಬೋರ್ಡು ಬರೆದು, ಕೊನೆಗೆ ಸ್ವಂತ ಗಲ್ಲೆಯ ಮುಂದೆ ಕುಳಿತವನು ನಾನು. ಈ ಪ್ರಶ್ನೆಯನ್ನು ಮಾತ್ರ ನಾನು ಕಸುಬಿನಿಂದ ಕಲಿಯಲಿಲ್ಲ. ನನ್ನ ಹೆಂಡತಿಯ ತಮ್ಮನಿಂದ ಕಲಿತೆ.

ಅವನು ನದಿ ದಂಡೆಯ ಒಂದು ಊರಿನಲ್ಲಿ ಏತ ನೀರಾವರಿ ಸಂಘದ ವಾಲ್ವ್‌ಮ್ಯಾನ್ ಆಗಿದ್ದ. ಕೃಷ್ಣೆಯ ನೀರನ್ನು ಪಂಪಿನಿಂದ ದಿಬ್ಬಕ್ಕೆ ಎತ್ತಿ, ಅಲ್ಲಿಂದ ನಾಲ್ಕು ಪೈಪ್‌ಲೈನುಗಳಲ್ಲಿ ಹೊಲಗಳಿಗೆ ಬಿಡುತ್ತಿದ್ದರು. ಒಂದೊಂದು ಲೈನಿಗೂ ಅಲ್ಲಲ್ಲಿ ಗುಂಡಿ, ಗುಂಡಿಯೊಳಗೆ ಒಂದು ವಾಲ್ವು, ಮೇಲೆ ಮುಚ್ಚಲು ಕಲ್ಲುಚಪ್ಪಡಿ. ಯಾವ ದಿನ ಯಾವ ಲೈನಿನ ಪಾಳಿಯೋ ಆ ದಿನ ಆ ಲೈನಿನ ವಾಲ್ವುಗಳನ್ನು ತಿರುಗಿಸಿ ಬಿಚ್ಚಬೇಕು, ಉಳಿದವನ್ನು ಮುಚ್ಚಬೇಕು. ಕೆಲಸವೆಂದರೆ ಇಷ್ಟೇ. ಆದರೆ ಕರೆಂಟು ಬರುವುದು ಹೊತ್ತುಗೊತ್ತಿಲ್ಲದೆ. ಬೆಳಗು ಹರಿಯುವ ಮುಂಚೆ ಬ್ಯಾಟರಿ ಹಿಡಿದು ದಿಬ್ಬವೆಲ್ಲ ತಿರುಗಬೇಕು.

ಲೈನುಗಳಿಗೆ ನಂಬರ್ ಯಾಕೆ ಬರೆಯಲಿಲ್ಲ ಎಂದು ನೀವು ಕೇಳಬಹುದು. ನಮ್ಮ ಗಡಿ ಕಡೆಯ ಊರುಗಳು ನಿಮಗೆ ಗೊತ್ತಿಲ್ಲದಿದ್ದರೆ ಕೇಳುವುದು ಸಹಜ. ಕನ್ನಡದಲ್ಲಿ ಬರೆಯಬೇಕೋ ಮರಾಠಿಯಲ್ಲಿ ಬರೆಯಬೇಕೋ ಎಂದು ಸಂಘದ ಮೊದಲ ಸಭೆಯಲ್ಲೇ ಕುರ್ಚಿಗಳು ಹಾರಾಡಿದ್ದವಂತೆ. ಇಂಗ್ಲಿಷಿನಲ್ಲಿ ಬರೆದರೆ ಅರ್ಧ ಊರಿಗೆ ಓದಲು ಬರುವುದಿಲ್ಲ. ಹಾಗಾಗಿ ಯಾರೋ ಶಾಣ್ಯಾ ಮನುಷ್ಯ, ಬಣ್ಣಕ್ಕೆ ಯಾವ ಭಾಷೆಯೂ ಇಲ್ಲವಲ್ಲ ಎಂದು ಹೇಳಿ ಜಗಳ ಬಿಡಿಸಿದ್ದ. ಕೆಂಪು, ಹಸಿರು, ಕಂದು, ಕೇಸರಿ ಎಂದು ನಾಲ್ಕು ಲೈನಿಗೆ ನಾಲ್ಕು ಬಣ್ಣ ಹಚ್ಚಿದರು. ಹೊಲದ ಬದುವಿನಲ್ಲಿ ನೀರು ಬೀಳುವ ಜಾಗಕ್ಕೂ ಅದೇ ಬಣ್ಣದ ತಗಡಿನ ಬಿಲ್ಲೆ ತೂಗುಹಾಕಿದರು.

ಹಲವು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಎಂಬತ್ತರ ದಶಕದ ಕೊನೆಯಲ್ಲಿ ಸಂಘ ಪೈಪ್‌ಲೈನನ್ನು ಬೆಳೆಸಿತು. ಹಳೆಯ ಗುಂಡಿಗಳ ನಡುನಡುವೆ ಹೊಸ ಗುಂಡಿಗಳು ಬಂದವು. ಆ ಹಂಗಾಮಿನಲ್ಲೇ ನನ್ನ ಮೈದುನ ಹಸಿರಿನ ಪಾಳಿಯ ದಿನ ಕಂದು ವಾಲ್ವು ಬಿಚ್ಚಿದ. ಆ ನೀರು ಹೋಗಿದ್ದು ಸಂಘದ ಚೇರಮನ್ನರ ಅಣ್ಣನ ಕಬ್ಬಿಗೆ. ತಪ್ಪಿ ಆಗಿದೆ ಎಂದು ಯಾರೂ ನಂಬಲಿಲ್ಲ. ದುಡ್ಡು ತಿಂದಿದ್ದಾನೆ ಎಂದರು. ಚೇರಮನ್ನರಿಗೂ ಮುಖಕ್ಕೆ ಮಸಿ ಬಳಿದ ಹಾಗಾಯಿತು, ಅವರ ಸಿಟ್ಟೂ ಇವನ ಮೇಲೆಯೇ ತಿರುಗಿತು. ಮುಂದಿನ ಹಂಗಾಮಿನಲ್ಲಿ ಇನ್ನೊಂದು ಸಲ ಹೀಗಾದರೆ ನೌಕರಿ ಬಿಟ್ಟು ಹೋಗಬೇಕು ಎಂದು ಸಂಘದ ಪಂಚರು ನಿಕ್ಕಿ ಮಾಡಿದರು.

ಅವನು ನಮ್ಮ ಮನೆಗೆ ಬಂದು ಎರಡು ದಿನ ಉಳಿದ. ಮೂರನೆಯ ದಿನ ನನ್ನ ಹೆಂಡತಿ ಅಂಗಡಿಗೇ ಬಂದು, ಅವನಿಗೆ ಬಣ್ಣ ತಿಳಿಯುವುದಿಲ್ಲ, ಸಣ್ಣವನಿದ್ದಾಗಿನಿಂದಲೂ ಹಾಗೇ, ಅವಳ ತಾಯಿಯ ತಂದೆಗೂ ಹಾಗೇ ಇತ್ತು ಎಂದು ಹೇಳಿದಳು. ನಾನು ಅವನನ್ನು ಕರೆಸಿ ಡಬ್ಬಿಗಳ ಮುಚ್ಚಳಗಳನ್ನು ಬಾಕಿನ ಮೇಲೆ ಸಾಲಾಗಿ ಹರವಿದೆ. ಅವನು ಮುಚ್ಚಳಗಳನ್ನು ನೋಡಲಿಲ್ಲ, ನನ್ನನ್ನು ನೋಡಿದ.

“ಮಿಲ್ಟ್ರಿ ಭರತಿಗೆ ಹೋಗಿದ್ದೆ ನೋಡ್ರಿ ಮಾಮಾ, ಎದಿ ಅಳತಿ ಕಡಿಮಿ ಬಿತ್ತು ಅಂತ ಮನ್ಯಾಗ ಹೇಳಿದ್ದೆ. ಸುಳ್ಳದು. ಚುಕ್ಕಿ ಚುಕ್ಕಿ ಇದ್ದ ಒಂದು ಪುಸ್ತಕ ತೋರ್ಸಿ ಇದರಾಗಿನ ಅಂಕಿ ಓದು ಅಂದ್ರು. ನನಗ ಅಂಕಿನ ಕಾಣಲಿಲ್ಲ.”

ಅವನಿಗೆ ಹೇಗೆ ಕಾಣುತ್ತದೆ ಎಂದು ಕೇಳಿ ಕೇಳಿ ತಿಳಿದುಕೊಂಡೆ. ಕೆಂಪು ಎಂದರೆ ಅವನಿಗೆ ಹಳೆಯ ಹುಣಸೆಹಣ್ಣಿನ ಹಾಗೆ, ಕಪ್ಪಿಗೆ ಹತ್ತಿರ. ದಟ್ಟ ಹಸಿರೂ ಕಂದೂ ಒಂದೇ ಮಣ್ಣು. ಕೇಸರಿ ಮತ್ತು ಹುಲ್ಲುಹಸಿರು ಅಕ್ಕಪಕ್ಕ ಇಟ್ಟರೆ ಒಂದು ಸ್ವಲ್ಪ ಮಾಸಲು ಎನ್ನಬಲ್ಲ, ಬೇರೆ ಬೇರೆಯಾಗಿ ತೋರಿಸಿದರೆ ಗೊತ್ತಾಗುವುದಿಲ್ಲ. ಟೊಮ್ಯಾಟೊ ಹಣ್ಣಾಗಿದೆಯೋ ಇಲ್ಲವೋ ಎಂದು ಹಿಚುಕಿ ನೋಡುತ್ತಿದ್ದ. ಆದರೆ ನೀಲಿ ಕೊಟ್ಟರೆ ನೀಲಿ, ಹಳದಿ ಕೊಟ್ಟರೆ ಹಳದಿ, ತಡವರಿಸದೆ ಹೇಳಿದ. ನೇರಳೆಯನ್ನು ಮಾತ್ರ ನೀಲಿ ಎಂದ. ಇಷ್ಟು ವರ್ಷ ಅವನು ಬಣ್ಣ ನೋಡಿ ವಾಲ್ವು ಬಿಚ್ಚುತ್ತಲೇ ಇರಲಿಲ್ಲ, ಜಾಗ ನೆನಪಿಟ್ಟು ಬಿಚ್ಚುತ್ತಿದ್ದ. ಹೊಸ ಗುಂಡಿಗಳು ಆ ನೆನಪನ್ನು ಕಲಸಿಬಿಟ್ಟಿದ್ದವು.

ಪಂಚರ ಮುಂದೆ ನಿಜ ಹೇಳಿಬಿಡೋಣ ಎಂದೆ.

“ಬ್ಯಾಡ್ರಿ ಮಾಮಾ. ಕಣ್ಣ ಕಾಣಾಂಗಿಲ್ಲ ಅಂದ್ರ ಯಾರ ಇಟ್ಕೋತಾರ? ನೀವು ಬಣ್ಣಾ ಬದ್ಲಿ ಮಾಡ್ರಿ, ನನ್ನ ಸುದ್ದಿ ತಗೀಬ್ಯಾಡ್ರಿ.”

ಚೌಕಾಶಿಯಲ್ಲಿ ನಾನು ಯಾರಿಗೂ ಸೋತವನಲ್ಲ. ಆದರೆ ಕಾರಣ ಹೇಳದೆ ಸರಕು ಮಾರುವುದು ಅದೇ ಮೊದಲು. ಹಳೆಯ ಬಿಲ್ಲೆಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಸಂಘದ ಆಫೀಸಿಗೆ ಹೋದೆ. ಬಿಸಿಲಿಗೆ ಕೆಂಪು ಗುಲಾಬಿಯಾಗಿತ್ತು, ಕೇಸರಿ ಮಾಸಿತ್ತು. ಒಂದೇ ಲೈನಿನ ಬಿಲ್ಲೆಗಳಲ್ಲೇ ಮೂರು ನಮೂನೆಯ ಹಸಿರು, ಯಾಕೆಂದರೆ ಪ್ರತಿ ಸಲವೂ ಯಾವ ಡಬ್ಬಿ ಸಿಕ್ಕಿತೋ ಅದನ್ನು ಬಳಿದಿದ್ದರು. ಎಲ್ಲವನ್ನೂ ಮೇಜಿನ ಮೇಲೆ ಸುರಿದು ಲೈನು ಲೈನು ಬೇರೆ ಮಾಡಿ ಎಂದೆ. ಪಂಚರು ಚಹಾ ಆರುವ ತನಕ ಜಗಳವಾಡಿದರು. ವಾಲ್ವು, ಬಿಲ್ಲೆ, ಪಂಪ್‌ಹೌಸಿನ ಗೋಡೆಯ ಮೇಲಿನ ಪಾಳಿ ಪಟ್ಟಿ, ಈ ಮೂರಕ್ಕೂ ಒಂದೇ ಡಬ್ಬಿಯ ಒಂದೇ ಬಣ್ಣ ಇರಬೇಕು, ಬಣ್ಣ ಮುಗಿದರೆ ಅದೇ ನಂಬರಿನ ಡಬ್ಬಿ ತರಬೇಕು, ಕೈಗೆ ಸಿಕ್ಕಿದ್ದನ್ನು ಬೆರೆಸಬಾರದು ಎಂದು ಒಪ್ಪಿಸಿದೆ. ಹೊಸಬರಿಗೆ ಈಗಲೂ ಇದನ್ನೇ ಹೇಳುತ್ತೇನೆ. ಒಂದು ಬಣ್ಣಕ್ಕೆ ಒಂದೇ ಅರ್ಥ ಇರಲಿ, ಆ ಅರ್ಥಕ್ಕೆ ಎಲ್ಲ ಕಡೆಯೂ ಅದೇ ಬಣ್ಣ ಇರಲಿ.

ನಾನು ಹೇಳಿದ ನಾಲ್ಕು ಬಣ್ಣ ಬಿಳಿ, ಹಳದಿ, ಆಕಾಶನೀಲಿ ಮತ್ತು ಕಪ್ಪು. ಗಾಢ ನೀಲಿಯನ್ನು ಬಿಟ್ಟೆ, ಮಬ್ಬುಗತ್ತಲಲ್ಲಿ ಅದು ಕಪ್ಪಿನ ಜೊತೆ ಸೇರಿಹೋಗುತ್ತದೆ. ಅಷ್ಟಕ್ಕೇ ಸಮಾಧಾನವಾಗದೆ, ಹಳೆಯ ನಾಲ್ಕು ಮತ್ತು ಹೊಸ ನಾಲ್ಕು ತಗಡುಗಳಿಗೆ ಬಣ್ಣ ಹಚ್ಚಿ ಬಸ್‌ಸ್ಟ್ಯಾಂಡ್ ಹತ್ತಿರದ ಫೋಟೊ ಸ್ಟುಡಿಯೊಗೆ ಒಯ್ದು, ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಕಪ್ಪು-ಬಿಳುಪಿನಲ್ಲಿ ತೆಗೆಸಿದೆ. ತಗಡಿಗೂ ಲಗ್ನ ಗೊತ್ತಾಗಿದೆಯೇ ಎಂದು ಸ್ಟುಡಿಯೊದವನು ಚೇಷ್ಟೆ ಮಾಡಿದ. ಫೋಟೊದಲ್ಲಿ ಕೆಂಪು, ಹಸಿರು, ಕಂದು ಮೂರೂ ಒಂದೇ ಬೂದಿಯ ಮುದ್ದೆ. ಹೊಸದರಲ್ಲಿ ಕಪ್ಪು ಕಪ್ಪಾಗಿಯೇ ನಿಂತಿತ್ತು, ನೀಲಿ ನಡುಮಧ್ಯ. ಆದರೆ ಹಳದಿಯೂ ಬಿಳಿಯೂ ಅಣ್ಣ ತಮ್ಮಂದಿರ ಹಾಗೆ ಕಂಡವು. ಮೈದುನನಿಗೆ ಅವೆರಡೂ ಬೇರೆ ಬೇರೆ ಕಾಣುತ್ತಿದ್ದವು, ನಿಜ. ಆದರೆ ಬಲ್ಬಿನ ಹಳದಿ ಬೆಳಕಿನಲ್ಲಿ ಬಿಳಿ ತಗಡನ್ನು ಹಿಡಿದು ನೋಡಿ ನಾನೇ ಒಂದು ಕ್ಷಣ ತಬ್ಬಿಬ್ಬಾದೆ. ಅದಕ್ಕೇ ಬಣ್ಣದ ಮೇಲೆ ಪಟ್ಟೆಯೂ ಬೇಕು ಎಂದು ಕೂತೆ. ಬಿಳಿಗೆ ಒಂದು, ಹಳದಿಗೆ ಎರಡು, ನೀಲಿಗೆ ಮೂರು, ಕಪ್ಪಿಗೆ ನಾಲ್ಕು. ಬಣ್ಣ ಕೈಕೊಟ್ಟರೆ ಎಣಿಕೆ ಇರಲಿ ಎಂದು.

ಪಂಚರು ಪಟ್ಟೆಯನ್ನು ಹೊಡೆದುಹಾಕಿದರು. ವಾಲ್ವಿಗೇನು ಬಳೆ ಇಡಿಸುತ್ತೀಯಾ ಎಂದು ನಕ್ಕರು. ಕೂಲಿ ಜಾಸ್ತಿ ಮಾಡಿಕೊಳ್ಳುವ ಹಂಚಿಕೆ ಎಂದು ಒಬ್ಬರು ಹೇಳಿಯೂಬಿಟ್ಟರು. ಅಲ್ಲಿ ನಾನು ಇನ್ನಷ್ಟು ಜಗ್ಗಿದ್ದರೆ ಅಷ್ಟೊಂದು ಯಾಕೆ ಬೇಕು ಎಂದು ಕೇಳುತ್ತಿದ್ದರು. ಅದಕ್ಕೆ ನನ್ನ ಬಳಿ ಇದ್ದ ಉತ್ತರವನ್ನು ಹೇಳುವ ಹಾಗಿರಲಿಲ್ಲ.

ಬಣ್ಣಕ್ಕೆ ಭಾಷೆ ಇಲ್ಲ ಎಂದ ಆ ಶಾಣ್ಯಾ ಮನುಷ್ಯನನ್ನು ಆ ದಿನ ನಾನು ಬಹಳ ನೆನೆದೆ. ಭಾಷೆ ಇಲ್ಲದಿದ್ದರೇನು, ಒಂದೊಂದು ಬಣ್ಣಕ್ಕೂ ಒಬ್ಬೊಬ್ಬ ಯಜಮಾನ ಇದ್ದ. ಹಸಿರು ಕೇಸರಿ ತೆಗೆದರೆ ನಮ್ಮದನ್ನು ತೆಗೆದರು ಎನ್ನುವವರು ಇಬ್ಬರು. ಹಳದಿ ಬೀರಪ್ಪನ ಬಣ್ಣ, ಅದು ಕುರುಬರ ಹೊಲದ ಲೈನಿಗೇ ಬೇಕು ಎಂದರು, ಅದೊಂದು ಸುಲಭವಾಯಿತು. ಬಿಳಿ ಹೆಣದ ಬಟ್ಟೆ ಎಂದರು ಕೆಲವರು. ಸಂಘದಲ್ಲಿದ್ದ ಜೈನ ಸಾವಕಾರರೊಬ್ಬರು, ಬಿಳಿ ಕೊಡುವುದಿದ್ದರೆ ನಮಗೆ ಕೊಡಿ, ನಮಗೇನೂ ಅಡ್ಡಿಯಿಲ್ಲ ಎಂದದ್ದರಿಂದ ಅದೂ ಬಗೆಹರಿಯಿತು. ಕಪ್ಪನ್ನು ಯಾರೂ ಮುಟ್ಟಲಿಲ್ಲ. ಕಪ್ಪು ವಾಲ್ವಿನಿಂದ ಬಂದ ನೀರಿಗೆ ಬೆಳೆ ಏಳುವುದಿಲ್ಲ ಎಂದು ಆಗಿಂದಾಗಲೇ ಒಂದು ಶಾಸ್ತ್ರ ಹುಟ್ಟಿತು. ಕಪ್ಪು ತಗೊಂಡವರಿಗೆ ಪ್ರತಿ ಹಂಗಾಮಿನ ಮೊದಲ ಪಾಳಿ ಎಂದೆ. ಶಾಸ್ತ್ರ ಅಲ್ಲಿಗೇ ಮುಗಿಯಿತು, ಎರಡು ಲೈನಿನವರು ಕಪ್ಪಿಗಾಗಿ ಕೈ ಎತ್ತಿದರು. ಕೊನೆಗೆ ಅದು ದೊಡ್ಡ ಹಿಡುವಳಿಯವರಿಗೆ ಸಿಕ್ಕಿತು.

ಉಳಿದದ್ದು ನೀಲಿ, ಉಳಿದ ಲೈನು ತುದಿಯದು. ಅಲ್ಲಿ ನೀಲಿ ಬಾವುಟ ಏರಿಸುವ ಬೌದ್ಧರ ಹೊಲಗಳಿದ್ದವು. ಸರಿಯಾಗಿ ಹೊಂದಿತು ಎಂದು ಚೇರಮನ್ನರು ನಕ್ಕರು. ಆ ಕೇರಿಯ ಹಿರಿಯರೊಬ್ಬರು, ರೈಲ್ವೆಯಲ್ಲಿ ನೌಕರಿ ಮಾಡಿ ಬಂದವರು, ನಗಲಿಲ್ಲ.

“ನೀಲಿ ನಮಗ ಕೊಡಬ್ಯಾಡ್ರಿ. ನಾಳೆ ನೀರು ಕಡಿಮಿ ಬಿದ್ರ, ನೀಲಿ ವಾಲು ಯಾರದು ಅಂತ ದೂರದಿಂದನ ತಿಳಿತೈತಿ, ಅದನ್ನ ಮೊದಲ ಮುಚ್ಚತೀರಿ. ಕರೇದು ನಮಗ ಇರಲಿ, ನೀಲಿ ನೀವು ಇಟ್ಕೋರಿ.”

ದೊಡ್ಡ ಹಿಡುವಳಿಯವರು ಮೊದಲ ಪಾಳಿ ಬಿಟ್ಟುಕೊಡಲು ತಯಾರಿರಲಿಲ್ಲ, ನೀಲಿ ತಗೊಳ್ಳಲೂ ತಯಾರಿರಲಿಲ್ಲ. ಅಂದು ನಾನು ಖರ್ಚು ಮಾಡಿದಷ್ಟು ಮಾತನ್ನು ನಿಪ್ಪಾಣಿಯ ತಂಬಾಕು ದಲಾಲರೂ ಒಂದು ವಾರದಲ್ಲಿ ಖರ್ಚು ಮಾಡುವುದಿಲ್ಲ. ಮೊದಲ ಪಾಳಿಯನ್ನು ವರ್ಷಕ್ಕೊಂದು ಲೈನಿಗೆ ತಿರುಗಿಸುವುದು ಎಂದು ಮಾಡಿ, ಆ ವರ್ಷದ್ದನ್ನು ಕಪ್ಪಿಗೆ ಇಟ್ಟು, ಕಪ್ಪನ್ನು ತುದಿಯ ಲೈನಿಗೂ ನೀಲಿಯನ್ನು ದೊಡ್ಡವರ ಲೈನಿಗೂ ದಾಟಿಸಿದೆ. ಮನೆಗೆ ಬಂದು ಊಟ ಮಾಡದೆ ಮಲಗಿದೆ. ಒಬ್ಬನ ಕಣ್ಣಿಗೆ ಹೊಂದುವ ನಾಲ್ಕು ಬಣ್ಣ ಆರಿಸಲು ಇಡೀ ಊರಿನ ಮನಸ್ಸನ್ನು ತೊಳೆಯಬೇಕಾಯಿತಲ್ಲ ಎಂದು ಹೆಂಡತಿಗೆ ಹೇಳಿದೆ. ತೊಳೆದಿದ್ದೀರೋ ಬಣ್ಣ ಹಚ್ಚಿ ಮುಚ್ಚಿದ್ದೀರೋ ಎಂದು ಅವಳು ಕೇಳಿದಳು.

ಬಣ್ಣ ಹಚ್ಚಿ ಆಯಿತು. ಮೈದುನ ಮೂರು ಸಂಜೆ ದಿಬ್ಬ ಸುತ್ತಿ, ಒಂದೂ ತಪ್ಪದೆ ಎಲ್ಲ ಗುಂಡಿಗಳನ್ನು ಹೇಳಿ ತೋರಿಸಿದ. ಅವನ ಮುಖದ ಮೇಲೆ ನಗು ಕಂಡು ಬಹಳ ದಿನಗಳಾಗಿತ್ತು.

ನಾನು ಲೆಕ್ಕಕ್ಕೆ ಹಿಡಿಯದಿದ್ದದ್ದು ಪೂಜೆ. ಹಂಗಾಮಿನ ಮೊದಲ ನೀರು ಬಿಡುವ ಮುನ್ನಾದಿನ ಊರವರು ವಾಲ್ವುಗಳಿಗೆ ಕಾಯಿ ಒಡೆದು, ಅರಿಷಿಣ ಕುಂಕುಮ ಏರಿಸುತ್ತಾರೆ. ಹಳೆಯ ವರ್ಷಗಳಲ್ಲಿ ಒಂದೊಂದು ಬೊಟ್ಟು ಇಡುತ್ತಿದ್ದರಂತೆ. ಆ ವರ್ಷ ಬಣ್ಣ ಹೊಸದು, ಹುರುಪೂ ಹೊಸದು. ಬಿಳಿ ಅಪಶಕುನ ಎಂದು ಮನಸ್ಸಿನಲ್ಲಿ ಉಳಿಸಿಕೊಂಡವರು ಆ ಲೈನಿನ ಕಡೆಗೆ ವಿಶೇಷ ಗಮನ ಕೊಟ್ಟರು. ಭಂಡಾರವನ್ನು, ಅಂದರೆ ದೇವರ ಅರಿಷಿಣವನ್ನು, ಎಣ್ಣೆಯಲ್ಲಿ ಕಲಸಿ ಬಿಳಿ ವಾಲ್ವುಗಳ ಚಕ್ರಕ್ಕೆಲ್ಲ ಮುತ್ತೈದೆಗೆ ಹಚ್ಚಿದ ಹಾಗೆ ಬಳಿದರು. ನೀಲಿಗೂ ಕಪ್ಪಿಗೂ ಬಿದ್ದದ್ದು ಬರೀ ಚಿಕ್ಕೆ.

ಮೊದಲ ಪಾಳಿ ಕಪ್ಪಿನದು, ಅದು ಸರಿಯಾಗಿ ನಡೆಯಿತು. ಎರಡನೆಯದು ಹಳದಿ. ಇನ್ನೂ ಬೆಳಕು ಹರಿದಿರಲಿಲ್ಲ. ಮೈದುನ ಕವಲಿನ ಹತ್ತಿರದ ಚಪ್ಪಡಿ ಸರಿಸಿ ಬ್ಯಾಟರಿ ಬಿಟ್ಟ, ಹಳದಿ ಕಂಡಿತು, ಬಿಚ್ಚಿದ. ನೀರು ಜೈನ ಸಾವಕಾರರ ದ್ರಾಕ್ಷಿಗೆ ಹೋಯಿತು. ಕುರುಬರ ಹೊಲದಲ್ಲಿ ಜನ ಬಾಯಿ ಒಣಗಿಸಿಕೊಂಡು ಕಾಯುತ್ತ ನಿಂತಿದ್ದರು.

ಮಧ್ಯಾಹ್ನದ ಹೊತ್ತಿಗೆ ಅವನು ನನ್ನ ಅಂಗಡಿಯ ಬಾಗಿಲಲ್ಲಿ ಇದ್ದ. ಸೈಕಲ್ಲಿನಿಂದ ಇಳಿದಿರಲಿಲ್ಲ.

“ಮುಗೀತ್ರಿ ಮಾಮಾ. ಈಗ ನನಗ ಹಳದಿನೂ ಕಾಣಾಂಗಿಲ್ಲ ಅಂತಾತು.”

ಅವನ ಕಣ್ಣು ಇನ್ನಷ್ಟು ಕೆಟ್ಟಿದೆ ಎಂದು ಅವನೇ ನಂಬಿಬಿಟ್ಟಿದ್ದ. ನನಗೆ ಅದೇ ಹೆಚ್ಚು ಕೆಡುಕೆನಿಸಿತು. ಅಂಗಡಿ ಮುಚ್ಚಿ ಅವನ ಜೊತೆ ಹೋದೆ. ಗುಂಡಿಯೊಳಗೆ ಇಳಿದು ಚಕ್ರದ ಮೇಲೆ ಉಗುರು ಎಳೆದಾಗ ಉಗುರಿನ ಸಂದಿಗೆ ಅರಿಷಿಣ ಬಂತು, ಗೆರೆಯಲ್ಲಿ ಬಿಳಿ ಕಂಡಿತು. ನೀರು ಹಾಕಿ ತೊಳೆಯಲು ಅವನು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಇದನ್ನು ಯಾರೂ ಮುಟ್ಟಬಾರದು, ಪಂಚರು ಬರುವ ತನಕ ಹೀಗೇ ಇರಲಿ ಎಂದೆ. ಪಂಚರು ಮರುದಿನ ಹತ್ತು ಗಂಟೆಗೆ ಕೂಡುತ್ತೇವೆ ಎಂದು ಹೇಳಿ ಕಳಿಸಿದರು. ನಾನು ಒಪ್ಪಲಿಲ್ಲ. ತಪ್ಪಾದದ್ದು ಬಿಸಿಲಿನಲ್ಲಿ ಅಲ್ಲ, ಆದ್ದರಿಂದ ನ್ಯಾಯವೂ ಬಿಸಿಲಿನಲ್ಲಿ ಬೇಡ, ನಸುಕಿಗೇ ದಿಬ್ಬಕ್ಕೆ ಬನ್ನಿ ಎಂದೆ. ಬ್ಯಾಟರಿಯೂ ಅವನದೇ ಇರಬೇಕು ಎಂದೆ.

ಬಂದರು, ಗೊಣಗಿಕೊಂಡೇ ಬಂದರು. ಕವಲಿನಲ್ಲಿ ಒಂದೇ ಚಪ್ಪಡಿ ಸರಿಸಿ, ಬ್ಯಾಟರಿಯನ್ನು ಚೇರಮನ್ನರ ಕೈಗೆ ಕೊಟ್ಟು, ಇದು ಯಾವ ಲೈನು ಹೇಳಿ ಎಂದೆ. ಅವರು ಬಗ್ಗಿ ನೋಡಿದರು.

“ಇದರಾಗ ಕೇಳೂದೇನೈತಿ? ಹಳದಿ. ನಿಮ್ಮ ಮೈದುನಗ ಕಾಣದಿದ್ರೂ ನಮಗ ಕಾಣತೈತಿ.”

ನಾನು ಪಕ್ಕದ ಚಪ್ಪಡಿ ಸರಿಸಿದೆ. ಅಲ್ಲೂ ಹಳದಿ. ಅವರು ಬ್ಯಾಟರಿಯನ್ನು ಆ ಗುಂಡಿಗೊಮ್ಮೆ ಈ ಗುಂಡಿಗೊಮ್ಮೆ ತಿರುಗಿಸಿದರು. ಹಿಂದಿದ್ದವರೂ ಬಗ್ಗಿ ನೋಡಿದರು. ನಾನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೊದಲ ಚಕ್ರವನ್ನು ಒರೆಸಿದೆ, ಬಿಳಿ ಹೊರಗೆ ಬಂತು. ಭಂಡಾರ ಬಳಿದವರು ಅಲ್ಲೇ ಇದ್ದರು, ದೇವರ ಕೆಲಸ, ಅವರನ್ನು ಯಾರು ಏನನ್ನಬೇಕು? ಕುರುಬರ ಹಿರಿಯನೇ ಮೊದಲು ನಕ್ಕದ್ದು. ದೇವರು ನಮ್ಮ ಬಣ್ಣವನ್ನು ಸಾವಕಾರರಿಗೆ ಹಚ್ಚಿ ನೀರು ಅತ್ತ ಕಳಿಸಿದರೆ ನಾವೇನು ಮಾಡುವುದು, ನಮ್ಮ ಪಾಳಿ ಇವತ್ತು ಕೊಡಿ ಎಂದ. ಚೇರಮನ್ನರು ಬ್ಯಾಟರಿ ಆರಿಸಿ ನನ್ನ ಕೈಗೆ ಕೊಟ್ಟರು.

“ವಾಲಿಗೆ ಆ ಬಳಿ ಇಡಸ್ರಿನ್ನ,” ಎಂದರು.

ಮೈದುನನ ನೌಕರಿ ಉಳಿಯಿತು. ಅವನ ಕಣ್ಣಿನ ಸುದ್ದಿ ಬರಲೇ ಇಲ್ಲ. ಈ ಸಲ ನಾನು ಪಟ್ಟೆಯನ್ನು ಬರೀ ಬಣ್ಣದಲ್ಲಿ ಬರೆಯಲಿಲ್ಲ. ಅರಿಷಿಣ ಬಿದ್ದರೂ ಮುಚ್ಚದಂಥದ್ದು ಬೇಕಿತ್ತು. ಒಂದೊಂದು ಪಟ್ಟೆಗೂ ಚಕ್ರದ ಅಂಚಿಗೆ ದಪ್ಪ ತಂತಿಯನ್ನು ಬಿಗಿಯಾಗಿ ಸುತ್ತಿ, ಮೇಲೆ ಬಣ್ಣ ಹಚ್ಚಿದೆ. ಬಿಳಿ, ಹಳದಿ, ನೀಲಿಯ ಮೇಲೆ ಕಪ್ಪು ತಂತಿ, ಕಪ್ಪಿನ ಮೇಲೆ ಬಿಳಿ ತಂತಿ. ಒಂದು, ಎರಡು, ಮೂರು, ನಾಲ್ಕು. ಬಿಲ್ಲೆಗಳಿಗೂ ಅಷ್ಟಷ್ಟೇ ತೂತು ಹೊಡೆದೆ. ಕೂಲಿ ಕೇಳಲಿಲ್ಲ, ಕೇಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ಕೆಲವು ವರ್ಷ ಕಳೆದವು. ಚುನಾವಣೆ ನಡೆದು ಹೊಸ ಪಂಚರು ಬಂದರು. ಬಂದವರಿಗೆ ಏನಾದರೂ ಹೊಸದು ಮಾಡಿದ್ದು ಕಾಣಬೇಕಲ್ಲ. ಚಿಕ್ಕೋಡಿ ಕಡೆಯ ಒಬ್ಬ ಪೇಂಟರನ್ನು ಕರೆಸಿ ಎಲ್ಲ ವಾಲ್ವುಗಳಿಗೆ ಮತ್ತೆ ಬಣ್ಣ ಹೊಡೆಸಿದರು. ಕೆಂಪು, ಹಸಿರು, ಕಂದು, ಕೇಸರಿ. ಬಿಳಿ ಕಪ್ಪು ನೋಡಿ ನೋಡಿ ಬೇಸರ ಬಂದಿತ್ತಂತೆ. ಸುದ್ದಿ ತಿಳಿದಾಗ ನಾನು ಗಲ್ಲೆಯಿಂದ ಎದ್ದೆ, ಮತ್ತೆ ಕುಳಿತೆ. ಆ ಸಭೆಯನ್ನು ಇನ್ನೊಂದು ಸಲ ಮಾಡುವುದು, ಒಂದೊಂದು ಬಣ್ಣದ ಯಜಮಾನನನ್ನೂ ಮತ್ತೆ ಒಪ್ಪಿಸುವುದು ನನ್ನಿಂದ ಆಗುತ್ತಿರಲಿಲ್ಲ. ಆದರೂ ಆದಿತ್ಯವಾರ ಬಸ್ಸು ಹತ್ತಿ ಹೋದೆ.

ಮೈದುನ ದಿಬ್ಬದ ಮೇಲಿದ್ದ. ಚಪ್ಪಡಿ ಸರಿಸಿದ್ದ, ಗುಂಡಿಯಲ್ಲಿ ಕೈ ಇಳಿಬಿಟ್ಟಿದ್ದ, ಮುಖ ಮಾತ್ರ ನನ್ನ ಕಡೆಗಿತ್ತು. ಹೊಸ ಪೇಂಟರ್ ತಂತಿ ಕೀಳುವ ತಾಪತ್ರಯಕ್ಕೆ ಹೋಗದೆ ಅದರ ಮೇಲೆಯೇ ಬಣ್ಣ ಬಳಿದಿದ್ದ. ಪಂಚರಿಗೆ ಹೇಳಲೇ ಎಂದು ಕೇಳಿದೆ.

“ಬಿಡ್ರಿ ಮಾಮಾ, ಹಚ್ಚಕೊಳ್ಳಲಿ,” ಎಂದ. ಹೆಬ್ಬೆರಳು ಚಕ್ರದ ಅಂಚಿನ ಮೇಲೆ ಸರಿಯಿತು, ಮೂರು ಸಲ ತಡೆಯಿತು. ನಂತರ ಎರಡೂ ಕೈ ಹಾಕಿ ವಾಲ್ವು ತಿರುಗಿಸಿದ. ಕೆಳಗೆ ಪೈಪಿನೊಳಗೆ ನೀರು ಹೊರಟ ಸಪ್ಪಳ ಕೇಳಿಸಿತು.